ತೂಬು ಎತ್ತು ಅಂದವರು ಯಾರು?

ವಿಚಾರ ಸಂಕಿರಣದ ಸಂಚಾಲಕನಿಗೆ ಎರಡು ಕೆಲಸ. ಊಟಕ್ಕೆ ಎಷ್ಟು ಎಲೆ ಎಂದು ಅಡುಗೆಯವರಿಗೆ ಹೇಳುವುದು ಒಂದು, ಬೆಳಿಗ್ಗೆ ಪ್ರಾಸ್ತಾವಿಕ ನುಡಿ ಆಡುವುದು ಇನ್ನೊಂದು. ಮೊದಲನೆಯದರಲ್ಲಿ ತಪ್ಪಿದರೆ ಜನ ವರ್ಷಗಟ್ಟಲೆ ನೆನೆಸಿಕೊಳ್ಳುತ್ತಾರೆ. ಎರಡನೆಯದರಲ್ಲಿ ತಪ್ಪಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಸಭೆಯಲ್ಲಿ ಅರ್ಧ ಜನ ನೋಂದಣಿ ಮೇಜಿನ ಮುಂದೆ ಬ್ಯಾಗು, ಪೆನ್ನು ಇಸಿದುಕೊಳ್ಳುತ್ತಿರುತ್ತಾರೆ. ಆದ್ದರಿಂದಲೇ ನಮ್ಮಲ್ಲಿ ಬಹುಪಾಲು ಸಂಚಾಲಕರು ಪ್ರಾರ್ಥನೆ ನಡೆಯುವಾಗ ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಭಾಷಣ ಬರೆದುಕೊಳ್ಳುತ್ತಾರೆ.

ನಮ್ಮ ಕಾಲೇಜಿನಲ್ಲಿ ಕೆರೆಗಳ ಬಗ್ಗೆ ಒಂದು ದಿನದ ಸಂಕಿರಣ ಇಟ್ಟುಕೊಂಡಾಗ ಆ ಭಾರ ನನ್ನ ತಲೆಗೆ ಬಂತು. ಬಂದವರು ನಾಲ್ವರು: ಶಾಸನ ಓದುವವರು, ನಿವೃತ್ತ ನೀರಾವರಿ ಇಂಜಿನಿಯರು, ಜಾನಪದದ ಮೇಡಮ್ಮು, ಕೊಳವೆಬಾವಿ ನೀರಿನ ಫ್ಲೋರೈಡ್ ಪರೀಕ್ಷಿಸುವ ರಸಾಯನಶಾಸ್ತ್ರದ ಅಧ್ಯಾಪಕರು. ಬ್ಯಾನರಿನ ಮೇಲೆ ಆಗಲೇ ‘ಕೆರೆ: ನಿನ್ನೆ, ಇಂದು, ನಾಳೆ’ ಎಂದು ಅಚ್ಚಾಗಿತ್ತು. ಇದು ಬಹಳ ಸುಖದ ಶೀರ್ಷಿಕೆ. ಕೆರೆಯ ಜಾಗದಲ್ಲಿ ಸಹಕಾರಿ ಬ್ಯಾಂಕನ್ನೋ ಬಸ್ ನಿಲ್ದಾಣವನ್ನೋ ಕೂರಿಸಿದರೂ ಅದು ಗೊಣಗುವುದಿಲ್ಲ. ಅದೇ ಅದರ ರೋಗ. ಉಪನ್ಯಾಸಗಳನ್ನು ಬಿಡಿಹೂಗಳೆಂದೂ ತನ್ನನ್ನು ದಾರವೆಂದೂ ಕರೆದುಕೊಂಡು ಸಂಚಾಲಕ ಕೆಳಗಿಳಿಯುವ ಪದ್ಧತಿಯೂ ಇದೆ. ಹೂವಿಗಿಂತ ದಾರವೇ ಉದ್ದವಾದ ಮಾಲೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ವಿಷಯ ಒಂದೇ ಆದ ಮಾತ್ರಕ್ಕೆ ಮಾತುಗಳು ಒಂದಾಗುವುದಿಲ್ಲ. ನಾಲ್ವರೂ ಉತ್ತರ ಕೊಡಬೇಕಾದ, ಆದರೆ ನಾಲ್ವರ ಉತ್ತರವೂ ಬೇರೆಯಾಗುವ ಒಂದು ಪ್ರಶ್ನೆ ಬೇಕು. ಸಾರಲೇಖಗಳನ್ನು ಮುಂದಿಟ್ಟುಕೊಂಡು ಕೂತೆ. ಮೂರು ಬಂದಿದ್ದವು, ನಾಲ್ಕನೆಯವರು ಸಾರಲೇಖದ ಬದಲು ಬ್ಯಾಂಕ್ ಖಾತೆಯ ವಿವರ ಕಳಿಸಿದ್ದರು. ಪ್ರತಿಯೊಂದರಲ್ಲೂ ‘ಮಹತ್ವ’, ‘ಪರಂಪರೆ’ಗಳನ್ನು ಹೊಡೆದುಹಾಕಿ, ಉಳಿದದ್ದರಲ್ಲಿ ಯಾರು ಯಾರಿಗೆ ಏನು ಮಾಡುತ್ತಾರೆ ಎಂದು ಹುಡುಕಿದೆ.

ಶಾಸನದವರ ಬರಹದಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆಗಳಿದ್ದವು. ಕೆರೆ ಕಟ್ಟಿಸಿದವರಿಗೋ ಅದನ್ನು ನೋಡಿಕೊಳ್ಳುವವರಿಗೋ ಕೆರೆಯ ಕೆಳಗಿನ ಭೂಮಿಯಲ್ಲಿ ಪಾಲು ಬಿಟ್ಟುಕೊಡುವ ಏರ್ಪಾಡು ಅದು. ಇಂಜಿನಿಯರು ಕೋಡಿಯ ಎತ್ತರದ ಬಗ್ಗೆ ಬರೆದಿದ್ದರು. ನಮ್ಮ ಬಯಲುಸೀಮೆಯ ಕೆರೆಗಳು ಸರಪಣಿಯಂತೆ ಇರುವುದರಿಂದ, ಮೇಲಿನದು ಕೋಡಿ ಬಿದ್ದರೇ ಕೆಳಗಿನದಕ್ಕೆ ನೀರು. ಮೇಲಿನ ಊರಿನವರು ಕೋಡಿಯ ಮೇಲೆ ಅರ್ಧ ಅಡಿ ಕಲ್ಲು ಜೋಡಿಸಿದರೆ ಹಿನ್ನೀರಿನ ರೈತನ ಹೊಲ ಮುಳುಗುತ್ತದೆ, ಕೆಳಗಿನ ಊರಿನ ಕೆರೆ ಒಣಗುತ್ತದೆ. ಮೇಡಮ್ಮನವರದು ‘ಕೆರೆಗೆ ಹಾರ’. ಕೆರೆಯಲ್ಲಿ ನೀರು ಬರಲಿಲ್ಲವೆಂದು ಬಲಿ ಕೊಡುವ ಮಾತು ಬಂದಾಗ, ಹಿರಿಸೊಸೆ ಮನೆಗೆ ಬೇಕೆಂದು ಲೆಕ್ಕ ಹಾಕಿ ಕಿರಿಸೊಸೆ ಭಾಗೀರಥಿಯನ್ನು ಆರಿಸುವವರು ಮನೆಯ ಹಿರಿಯರು. ಅವಳನ್ನು ಯಾರೂ ಕೇಳುವುದಿಲ್ಲ.

ಈ ಮೂರನ್ನೂ ಒಟ್ಟಿಗೆ ಓದುವಾಗ ನೀರುಗಂಟಿ ನೆನಪಾದ. ಹಳೇ ಕೋಲಾರದ ಕಡೆ ತೂಬು ಎತ್ತುತ್ತಿದ್ದವನು ಅವನೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಕೈಯಲ್ಲಿ. ಅವನಿಗೆ ಕೂಲಿ ಸುಗ್ಗಿಯ ಕಾಳು. ಅನೇಕ ಊರುಗಳಲ್ಲಿ ಅವನು ದಲಿತ ಕೇರಿಯವನು. ನಡುನೀರಿಗೆ ಇಳಿದು ತೂಬು ಎತ್ತುವ ಕೈ ಅವನದು, ‘ಎತ್ತು’ ಎನ್ನುವ ಬಾಯಿ ಊರಗೌಡರದು. ಇದು ಹೊಳೆದ ಮೇಲೆ ಪ್ರಶ್ನೆ ತಾನಾಗಿಯೇ ಬಂತು: ತೂಬು ಎತ್ತು ಅಂದವರು ಯಾರು?

ಪ್ರಶ್ನೆ ಸಿಕ್ಕ ಖುಷಿಯಲ್ಲಿ ಅದನ್ನು ನಂಬಿಬಿಡಬಾರದು. ಭಾಷಣಕಾರರ ಕ್ರಮ ಅದಲುಬದಲು ಮಾಡಿದರೂ ನಮ್ಮ ಮಾತಿನಲ್ಲಿ ಒಂದು ಅಕ್ಷರ ಬದಲಾಗದಿದ್ದರೆ ಅಲ್ಲಿ ಎಳೆ ಇಲ್ಲ, ಪಟ್ಟಿ ಇದೆ ಅಷ್ಟೆ. ನನ್ನ ಕ್ರಮ ಹೀಗಿತ್ತು: ಶಾಸನದಲ್ಲಿ ಹಕ್ಕು ಕಲ್ಲಿಗೆ ಇಳಿಯಿತು, ಕೋಡಿಯಲ್ಲಿ ಆ ಹಕ್ಕು ಪಕ್ಕದ ಊರಿನೊಡನೆ ಜಗಳಕ್ಕೆ ನಿಂತಿತು, ಹಾಡಿನಲ್ಲಿ ಹಕ್ಕೇ ಇಲ್ಲದವಳು ಬೆಲೆ ತೆತ್ತಳು. ಒಂದನ್ನು ತೆಗೆದರೆ ಮುಂದಿನದು ಕುಂಟುತ್ತದೆ. ಇಂಜಿನಿಯರರಿಗೆ ಮಧ್ಯಾಹ್ನದ ರೈಲಿತ್ತು, ಅದಕ್ಕಾಗಿ ಮೊದಲು ಅವರನ್ನೇ ಬಿಡಿ ಎಂದು ಪ್ರಾಂಶುಪಾಲರು ಸೂಚಿಸಿದರು. ರೈಲಿನ ವೇಳೆಯ ಮುಂದೆ ಎಳೆಯ ವಾದ ನಡೆಯುವುದಿಲ್ಲ. ಹಾಗಾಗಿ ಜಗಳದಿಂದ ಶುರುಮಾಡಿ ಅದರ ಹಿಂದಿನ ಹಕ್ಕಿಗೆ ಹೋಗುವಂತೆ ಎರಡು ವಾಕ್ಯ ತಿದ್ದಿದೆ. ಈ ಕ್ರಮವೇ ಮೇಲಾಯಿತೇನೋ. ಜಗಳ ಅಂದರೆ ನಮ್ಮ ಹುಡುಗರೂ ನಿದ್ದೆಯಿಂದೇಳುತ್ತಾರೆ.

ಕಷ್ಟವಾದದ್ದು ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಸಲ್ಲದು ಎಂಬ ಮಾತಿಗೂ ಗೌಡರ ಬಾಯಿಗೂ ಏನು ನಂಟು? ಇಂಥ ಹೊತ್ತಿನಲ್ಲಿ ‘ಕೊನೆಯದಾಗಿ ವೈಜ್ಞಾನಿಕ ಆಯಾಮವನ್ನೂ...’ ಎಂದು ಹೇಳಿ ಪಾರಾಗುವ ಸಂಚಾಲಕರುಂಟು. ಆ ಅಧ್ಯಾಪಕರನ್ನು ಅದಕ್ಕಿಂತ ಚೆನ್ನಾಗಿ ಅವಮಾನಿಸುವುದು ಸಾಧ್ಯವಿಲ್ಲ. ನಾನು ಅವರಿಗೇ ಫೋನು ಮಾಡಿದೆ. “ಸಾರ್, ನಿಮ್ಮ ಹಳ್ಳಿಗಳಲ್ಲಿ ತೂಬು ಯಾರು ಎತ್ತುತ್ತಾರೆ?” ಅವರು ನಕ್ಕು, “ಯಾರೂ ಎತ್ತಲ್ಲ. ಎತ್ತಬಾರದು ಅಂತಾನೇ ಇದೆಯಲ್ಲ” ಎಂದರು.

ಕೆರೆ ಕೈಕೊಟ್ಟ ಮೇಲೆ ರೈತರು ಒಬ್ಬೊಬ್ಬರಾಗಿ ಕೊಳವೆಬಾವಿ ಕೊರೆಸಿದರು. ಕೊರೆಸಿದವನಿಗೆ ತನ್ನದೇ ಸ್ವಿಚ್ಚು ಬಂದ ಮೇಲೆ ನೀರುಗಂಟಿಯ ಹಂಗು ತಪ್ಪಿತು. ಆಳಕ್ಕೆ ಹೋದಂತೆ, ಬಂಡೆಯೊಳಗೆ ಬಹುಕಾಲ ನಿಂತ ನೀರು ಫ್ಲೋರೈಡ್ ಹೊತ್ತು ಮೇಲೆ ಬಂತು. ಅಂತರ್ಜಲ ಏರಲಿ ಎಂದು ಹಲವು ಊರುಗಳವರು ತಾವೇ ತೂಬು ಮುಚ್ಚಿ ಕೆರೆಯನ್ನು ಇಂಗುಕೆರೆ ಮಾಡಿಕೊಂಡರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದೂ ಇಂಗಲೆಂದೇ ಬಿಟ್ಟ ನೀರು. ತೂಬು ತೆರೆದು ನೇರವಾಗಿ ಗದ್ದೆಗೆ ಹಾಯಿಸುವಂತಿಲ್ಲ. ಅಂದರೆ ‘ಎತ್ತು’ ಎನ್ನುವ ಬಾಯಿ ಊರಿನಿಂದ ರಾಜಧಾನಿಗೆ ಹೋಯಿತು, ಅಲ್ಲಿ ಅದು ‘ಎತ್ತಬೇಡ’ ಎಂದು ತಿರುಗಿಕೊಂಡಿತು. ಅಂಟಿಸಲಾರೆ ಎಂದುಕೊಂಡ ಉಪನ್ಯಾಸವೇ ಇಡೀ ದಿನಕ್ಕೆ ಗೂಟವಾಯಿತು.

ಮುದ್ರಿತ ಕಾರ್ಯಕ್ರಮದಲ್ಲಿ ನನಗೆ ಹತ್ತು ನಿಮಿಷವಿತ್ತು. ಉದ್ಘಾಟಕರು ತಡವಾಗಿ ಬಂದು, ದೀಪದ ಬತ್ತಿ ಫ್ಯಾನಿನ ಗಾಳಿಗೆ ಹಟ ಹಿಡಿದು, ಅದು ನಾಲ್ಕಾಯಿತು. ಇದನ್ನು ಮೊದಲೇ ಊಹಿಸಿ ಬರೆಯುವುದು ಲೇಸು. ಮಾತು ಮೊಟಕುಗೊಳಿಸುವಾಗ ಕೆರೆಗಳ ಇತಿಹಾಸ ಬಿಡಬಹುದು, ಗಣ್ಯರ ಗುಣಗಾನವನ್ನಂತೂ ಬಿಡಲೇಬೇಕು. ಪ್ರಶ್ನೆಯನ್ನು ಬಿಡುವಂತಿಲ್ಲ. ಇನ್ನೊಂದು ಎಚ್ಚರ: ಭಾಷಣಕಾರ ಹೇಳುವುದನ್ನು ನಾವೇ ಹೇಳಿ ಮುಗಿಸಬಾರದು. ಭಾಗೀರಥಿಯ ಕಥೆ ಪೂರ್ತಿ ಹೇಳಿದರೆ ಆಮೇಲೆ ಮೇಡಮ್ಮು ನಮ್ಮನ್ನು ನೋಡುವ ನೋಟ ಎದುರಿಸುವುದು ಕಷ್ಟ. ಅವರ ಪಾಲಿಗೆ ನಾನು ಹೇಳಿದ್ದು ಇಷ್ಟೇ: “ಇಂಜಿನಿಯರು, ಶಾಸನದವರು ಹೇಳುವ ಕೆರೆಗಳಲ್ಲಿ ಯಾರೋ ಒಬ್ಬರ ಮಾತು ನಡೆಯುತ್ತದೆ. ಮಾತೇ ನಡೆಯದವಳ ಕಡೆಯಿಂದ ನೋಡಿದರೆ ಕೆರೆ ಹೇಗೆ ಕಾಣುತ್ತದೆ ಎಂದು ಅವರನ್ನು ಕೇಳಿ.” ಉಳಿದವರಿಗೂ ಹೀಗೇ ಒಂದೊಂದು ಮಾತು, ಕೊನೆಗೊಂದು ಪ್ರಶ್ನೆಚಿಹ್ನೆ.

ಪ್ರಶ್ನೆಯನ್ನು ಸಭೆಯ ಕೈಗೆ ಕೊಟ್ಟರೆ ಅದು ನಮ್ಮ ಮಾತು ಕೇಳುವುದಿಲ್ಲ ಎಂಬುದೂ ಗೊತ್ತಿರಬೇಕು. ಇಂಜಿನಿಯರು ತಮ್ಮ ಮಾತಿನಲ್ಲಿ ಎಳೆಯನ್ನೇ ಕಿತ್ತುಹಾಕಿದರು. “ಸಂಚಾಲಕರು ಮನುಷ್ಯರನ್ನು ಕೇಳುತ್ತಿದ್ದಾರೆ, ಕೋಡಿಗೆ ಯಾರ ಅಪ್ಪಣೆಯೂ ಬೇಕಿಲ್ಲ, ತುಂಬಿದರೆ ತಾನೇ ಹರಿಯುತ್ತದೆ” ಎಂದರು. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನ ಬಿ.ಎ. ಹುಡುಗಿಯೊಬ್ಬಳು ಎದ್ದು, “ಕೋಡಿ ಎತ್ತರಿಸೋ ಕಲ್ಲು ಇಡೋದು ಯಾರು ಸಾರ್?” ಎಂದಳು. ಇಂಜಿನಿಯರು ಕನ್ನಡಕ ಒರೆಸಿಕೊಂಡು, ತಮ್ಮ ಕಾಲದ ಒಂದು ಊರಿನಲ್ಲಿ ರಾತ್ರಿ ಇಟ್ಟ ಕಲ್ಲನ್ನು ಬೆಳಿಗ್ಗೆ ಪೊಲೀಸರ ಜೊತೆ ಹೋಗಿ ತೆಗೆಸಿದ ಕಥೆ ಶುರುಮಾಡಿದರು. ಅಧ್ಯಕ್ಷರು ಗಂಟೆ ಬಾರಿಸಿದರೂ ನಿಲ್ಲಿಸಲಿಲ್ಲ. ಅವರ ರೈಲು ಹೋಯಿತು. ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸುವ ಕೆಲಸವೂ ಸಂಚಾಲಕನದೇ.