ಹೆಬ್ಬೆಟ್ಟಿನ ಲೆಕ್ಕ

(ಕಳಸ ಪೇಟೆಯ ಹೋಟೆಲು. ಮಂಜಣ್ಣನ ಎಡಗೈ ಹೆಬ್ಬೆರಳನ್ನು ಕಾಫಿ ಪಲ್ಪರ್ ಬುಡಸಮೇತ ನುಂಗಿ ವರ್ಷವಾಗಿದೆ.)

ಶೆಟ್ರು: ಚಿಕ್ಕಮಗಳೂರಿಗೆ ಹೋಗಿದ್ಯಲ್ಲ, ಸರ್ಟಿಫಿಕೇಟ್ ಸಿಕ್ತಾ?

ಮಂಜಣ್ಣ: ಸಿಕ್ತು ಶೆಟ್ರೇ. ಶೇ 30. ‘ಶಾಶ್ವತ’ ಅಂತಾನೂ ಬರ್ದಿದ್ದಾರೆ.

ಶೆಟ್ರು: ಹಂಗಾದ್ರೆ ಪಿಂಚಣಿ?

ಮಂಜಣ್ಣ: ಕೈತಪ್ಪಿತು. 2016ರ ಕಾಯ್ದೆ 40ಕ್ಕೆ ಗೆರೆ ಎಳೆದಿದೆಯಂತೆ. ತೋರುಬೆರಳೂ ಬುಡದಿಂದ ಹೋಗಿದ್ರೆ ಇನ್ನೊಂದು 15 ಸೇರ್ತಿತ್ತಂತೆ.

ಶೆಟ್ರು: ಛೆ! ಅರ್ಧ ಊಟಕ್ಕೇ ಏಳ್ತಾ ಆ ಮಿಷನ್ನು?

ಮಂಜಣ್ಣ: ಅಷ್ಟೊತ್ತಿಗೆ ಕರೆಂಟು ಹೋಯ್ತಲ್ಲ.

ಶೆಟ್ರು: ಹಾಳು ಕರೆಂಟು, ಬೇಕಾದಾಗ ಇರಲ್ಲ. ಗೆರೆ ದಾಟಿದ್ರೆ ಎಷ್ಟು?

ಮಂಜಣ್ಣ: ತಿಂಗಳಿಗೆ 800. 75 ಮುಟ್ಟಿದ್ರೆ 1400.

ಶೆಟ್ರು: 74 ಆದೋನಿಗೆ?

ಮಂಜಣ್ಣ: ಅದೇ 800.

ಶೆಟ್ರು: ಒಂದು ಪರ್ಸೆಂಟಿಗೆ 600 ರೂಪಾಯಾ! ನಮ್ಮ ರೋಬಸ್ಟಾಕ್ಕೂ ಈ ರೇಟಿಲ್ಲ ಮಾರಾಯ. ತೋಟದ ಮೇಸ್ತ್ರಿ ಏನಂದ?

ಮಂಜಣ್ಣ: ‘ಹಣ್ಣು ಕೀಳಕ್ಕೆ ಆಗಲ್ಲ, ನಾಳೆಯಿಂದ ಬರಬೇಡ’ ಅಂದ.

ಶೆಟ್ರು: ಓಹೋ, ಮೇಸ್ತ್ರಿ ಧಾರಾಳಿ. ನೂರಕ್ಕೆ ನೂರೇ ಕೊಟ್ಟ!

ಮಂಜಣ್ಣ: ಅದಕ್ಕೇ ತಕರಾರು ಅರ್ಜಿ ಬರೆಸ್ಕೊಂಡು ಹೋದೆ. ಗುಮಾಸ್ತರು ಪೂರ್ತಿ ಓದಿದ್ರು, ಲೊಚಗುಟ್ಟಿದ್ರು.

ಶೆಟ್ರು: ಆಮೇಲೆ?

ಮಂಜಣ್ಣ: ‘ಸಹಿ ಬರಲ್ವಾ? ಎಡಗೈ ಹೆಬ್ಬೆಟ್ಟು ಒತ್ತಪ್ಪ’ ಅಂದ್ರು.