ಬರಬೇಕು ಅಂತ ಬಹಳ ಇತ್ತು ಮಾವ

ಮದುವೆಗೆ ಬಾರದವರಲ್ಲಿ ಹಲವು ಬಗೆ. ಪತ್ರಿಕೆ ತಲುಪಲೇ ಇಲ್ಲ ಎಂದು ಅಂಚೆಯವನ ಮೇಲೆ ಹಾಕುವವರಿದ್ದಾರೆ. ವಾಟ್ಸಾಪಿನಲ್ಲಿ ಎರಡು ಕೈ ಜೋಡಿಸಿ ಕಳಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಆರು ತಿಂಗಳಾದ ಮೇಲೆ ಮಾರ್ಕೆಟ್ಟಿನಲ್ಲಿ ಸಿಕ್ಕಿ, “ಏನ್ರೀ, ನಮಗೆ ಊಟ ಹಾಕಿಸಲೇ ಇಲ್ಲ” ಎಂದು ನಮ್ಮನ್ನೇ ಅಪರಾಧಿಗಳನ್ನಾಗಿ ಮಾಡುವ ಗಟ್ಟಿಗರೂ ಇದ್ದಾರೆ. ಇವರನ್ನೆಲ್ಲ ಹೇಗೋ ಸಹಿಸಬಹುದು. ಸಹಿಸಲೂ ಆಗದೆ, ಬಿಟ್ಟುಕೊಡಲೂ ಆಗದೆ ನಾನು ಒದ್ದಾಡುವುದು ಶಿವಮೊಗ್ಗದ ಭಾವನ ವಿಷಯದಲ್ಲಿ.

ಭಾವ ನಮ್ಮಪ್ಪನ ಅಕ್ಕನ ಮಗ. ಹೈಸ್ಕೂಲು ಮೇಷ್ಟ್ರು. ಮದುವೆಗೆ ಬರುವುದಿಲ್ಲ, ಆದರೆ ಬರುವುದಿಲ್ಲ ಎಂದು ಹೇಳುವುದಕ್ಕೆ ಅವರು ಪಡುವ ಶ್ರಮದಲ್ಲಿ ಮೈಸೂರಿಗೆ ಎರಡು ಸಲ ಬಂದು ಹೋಗಬಹುದು.

ಅವರ ಕರೆ ಬರುವುದು ಪತ್ರಿಕೆ ತಲುಪಿದ ಮೂರನೆಯ ದಿನ, ರಾತ್ರಿ ಎಂಟೂವರೆಗೆ. ಆಗ ಅಪ್ಪನ ಊಟ ಮುಗಿದು ಎಲೆಅಡಿಕೆ ನಡೆಯುತ್ತಿರುತ್ತದೆ ಎಂಬುದು ಅವರಿಗೆ ಗೊತ್ತು. ನನಗೆ ಮಾಡುವುದಿಲ್ಲ, ಅಣ್ಣನಿಗೂ ಮಾಡುವುದಿಲ್ಲ. ತಪ್ಪೊಪ್ಪಿಗೆ ಏನಿದ್ದರೂ ಹಿರಿಯರ ಬಳಿ. ಅಪ್ಪನಿಗೆ ಕಿವಿ ಮಂದ, ಆದ್ದರಿಂದ ಫೋನು ಸ್ಪೀಕರಿನಲ್ಲಿರುತ್ತದೆ, ಮನೆಮಂದಿಗೆಲ್ಲ ಶ್ರವಣಯೋಗ.

“ಮಾವ, ಪತ್ರಿಕೆ ಬಂತು. ಮೂಲೆಯಲ್ಲಿ ಅರಿಶಿನ, ಮೇಲೆ ನಿಮ್ಮ ಅಕ್ಷರ. ಕಣ್ಣು ತುಂಬಿ ಬಂತು. ದೇವರ ಮುಂದೆ ಇಟ್ಟಿದ್ದೀನಿ.”

ಇಷ್ಟಾದ ಮೇಲೆ ಅಪ್ಪನ ಬೀಪಿ, ಅಮ್ಮನ ಮಂಡಿನೋವು, ಹುಡುಗನ ಕೆಲಸ, ಹುಡುಗಿಯ ಕಡೆಯವರು, ಛತ್ರ ಯಾವುದು, ಅಡುಗೆಯವರು ಯಾರು. ಭಾವನಿಗೆ ಅವಸರವಿಲ್ಲ. ವಿಷಯ ಇನ್ನೂ ಊರಾಚೆಯೇ ಇರುತ್ತದೆ. ನನ್ನ ಹೆಂಡತಿ ಗಡಿಯಾರ ನೋಡಿ ಕುಕ್ಕರ್ ಇಡಲು ಹೋಗುತ್ತಾಳೆ. ಎರಡು ಸೀಟಿ ಆಗುವ ಹೊತ್ತಿಗೆ ಭಾವ ಒಂದು ನಿಟ್ಟುಸಿರು ಬಿಡುತ್ತಾರೆ. ಅಲ್ಲಿಂದ ಕಥೆ ಶುರು.

“ಬರಬೇಕು ಅಂತ ಬಹಳ ಇತ್ತು ಮಾವ.”

ಈ ‘ಇತ್ತು’ ಕೇಳಿದ ಕೂಡಲೇ ನಮಗೆ ಅರ್ಥವಾಗುತ್ತದೆ. ಆದರೆ ಭಾವ ‘ಬರೋದಿಲ್ಲ’ ಎಂಬ ಮಾತನ್ನು ಸುಲಭಕ್ಕೆ ಬಾಯಲ್ಲಿ ತರುವವರಲ್ಲ. ಮನೆಯಿಂದ ಹೊರಡುವಾಗಲೂ ‘ಹೋಗ್ತೀನಿ’ ಎನ್ನದೆ ‘ಹೋಗಿಬರ್ತೀನಿ’ ಎನ್ನುವ ಜನ ನಾವು. ಮದುವೆಮನೆಯ ಕರೆಗೆ ‘ಇಲ್ಲ’ ಎಂದು ಮುರಿಯುವುದು ಹೇಗೆ? ಅದಕ್ಕೆ ಭಾವ ಕಷ್ಟಗಳನ್ನು ಒಂದೊಂದಾಗಿ ಅಪ್ಪನ ಮುಂದೆ ಹರಡಿ, ಸುಮ್ಮನಾಗುತ್ತಾರೆ. ಅಪ್ಪ ಕಾದು ಕಾದು ಕೊನೆಗೆ, “ಹಾಗಾದ್ರೆ ನಿನಗೆ ಬರೋಕ್ಕಾಗಲ್ಲ ಅನ್ನು” ಎನ್ನುತ್ತಾರೆ.

“ಅಯ್ಯೋ ಮಾವ, ನಿಮ್ಮ ಬಾಯಲ್ಲಿ ಆ ಮಾತು ಬಂತಲ್ಲ!”

ಈಗ ಸಮಾಧಾನ ಮಾಡುವ ಸರದಿ ಅಪ್ಪನದು. ಪರವಾಗಿಲ್ಲ ಬಿಡಪ್ಪ, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಅನುಕೂಲವಾದಾಗ ಬಾ. ಮದುವೆ ಮಾಡುತ್ತಿರುವವರು ನಾವು, ಬಾರದಿರುವವರು ಅವರು, ಬೇಡಿಕೊಳ್ಳುತ್ತಿರುವವರು ಅಪ್ಪ.

2023ರ ಮೇ 21, ಭಾನುವಾರ, ಅಣ್ಣನ ಮಗಳ ಮದುವೆ. ಮೇಷ್ಟ್ರಿಗೆ ಬೇಸಿಗೆ ರಜೆ, ರಜೆ ಸಿಗಲಿಲ್ಲ ಎನ್ನುವಂತಿಲ್ಲ. ಈ ಸಲ ಭಾವ ಸಿಕ್ಕಿಬಿದ್ದರು ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಕರೆ ಬಂತು.

“ಚುನಾವಣೆ ಡ್ಯೂಟಿ ಮಾವ.”

ಅಪ್ಪ ದಿನಪತ್ರಿಕೆಯನ್ನು ಅಕ್ಷರ ಬಿಡದೆ ಓದುವವರು. “ಮತದಾನ ಹತ್ತಕ್ಕೆ ಆಯ್ತು. ಹದಿಮೂರಕ್ಕೆ ಎಣಿಕೆ ಮುಗೀತು. ಇಪ್ಪತ್ತಕ್ಕೆ ಹೊಸ ಸರ್ಕಾರದ ಪ್ರಮಾಣವಚನ. ಮದುವೆ ಇಪ್ಪತ್ತೊಂದಕ್ಕೆ ಕಣೋ!”

“ಎಲ್ಲಾ ಮುಗೀತು ಮಾವ, ಆದ್ರೆ ದಣಿವು ಮುಗೀಲಿಲ್ಲ.”

“ತಾಳಗುಪ್ಪದ ರೈಲು ಹತ್ತು, ಮಲಗಿಕೊ. ಬೆಳಿಗ್ಗೆ ಮೈಸೂರು.”

“ರೈಲು ಇದೆ ಮಾವ. ನಾನೇ ನಾನಾಗಿಲ್ಲ.”

ಅಪ್ಪ ನಕ್ಕುಬಿಟ್ಟರು. ಅಲ್ಲಿಗೆ ಭಾವ ಗೆದ್ದರು.

ಗೆದ್ದವರು ಸುಮ್ಮನೆ ಫೋನಿಟ್ಟಿದ್ದರೆ ನನಗೆ ಇಷ್ಟು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಇಡುವ ಮುಂಚೆ ಒಂದು ಮಾತು ಉದುರಿಸಿದರು: “ಆದ್ರೂ ನಾನು ಆಸೆ ಬಿಟ್ಟಿಲ್ಲ ಮಾವ. ನೋಡೋಣ, ಕೊನೇ ಗಳಿಗೇಲಿ ನಾವು ನಾಲ್ಕೂ ಜನ ಬಂದು ನಿಂತರೂ ನಿಂತೆವೇ.”

ಈ ಒಂದು ಮಾತಿನ ಬೆಲೆ ಏನೆಂಬುದು ಮದುವೆ ಮಾಡಿದವರಿಗೇ ಗೊತ್ತು. ಛತ್ರದ ಅಡುಗೆ ನಡೆಯುವುದು ಎಲೆ ಲೆಕ್ಕದ ಮೇಲೆ. ಎಷ್ಟು ಎಲೆ ಎಂದು ಮೊದಲೇ ಹೇಳಬೇಕು, ಹೇಳಿದಷ್ಟಕ್ಕೆ ದುಡ್ಡು ಕೊಡಬೇಕು. ಉಂಡವರು ಕಡಿಮೆಯಾದರೆ ನಷ್ಟ ನಮ್ಮದು, ಹೆಚ್ಚಾದರೆ ಮಾನ ನಮ್ಮದು. ನಾಲ್ಕು ಜನ ಬರುತ್ತಾರೆ ಎಂದರೆ ನಾಲ್ಕು ಎಲೆಯಲ್ಲ. ವರಪೂಜೆಯ ರಾತ್ರಿ ನಾಲ್ಕು, ಬೆಳಗಿನ ತಿಂಡಿಗೆ ನಾಲ್ಕು, ಧಾರೆಯ ಊಟಕ್ಕೆ ನಾಲ್ಕು, ಆರತಕ್ಷತೆಗೆ ನಾಲ್ಕು. ಹದಿನಾರಾಯಿತಲ್ಲ? ಮೇಲೊಂದು ರೂಮು. ಬಾರದವರ ಲೆಕ್ಕ ಸುಲಭ, ಬಂದವರ ಲೆಕ್ಕವೂ ಸುಲಭ. ‘ಬಂದು ನಿಂತರೂ ನಿಂತೆವೇ’ ಎಂದವರನ್ನು ಯಾವ ಕಾಲಂಗೆ ಹಾಕುವುದು?

ಅಡುಗೆಯವರು ಕಿವಿಯ ಸಂದಿನ ಪೆನ್ಸಿಲ್ ತೆಗೆದು, “ಕೊನೇ ಲೆಕ್ಕ ಹೇಳಿ ಸ್ವಾಮಿ” ಎಂದು ನಿಂತಿದ್ದರು. ನಾನು ಬೇಡವೆಂದೆ. ಅಪ್ಪ ಸೇರಿಸು ಎಂದರು. “ಅವನು ಬಂದಾಗ ಎಲೆ ಇಲ್ಲ ಅಂದ್ರೆ ನಮ್ಮಕ್ಕನಿಗೆ ಏನು ಹೇಳಲಿ?” ಎಂಬ ಅವರ ಪ್ರಶ್ನೆಗೆ ಉತ್ತರವಿರಲಿಲ್ಲ. ಅವರಕ್ಕ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಸೇರಿಸಿದೆ. ಹದಿನಾರು ಎಲೆಯಲ್ಲಿ ಒಂದಕ್ಕೂ ನೀರು ಚಿಮುಕಿಸಲಿಲ್ಲ. ರೂಮಿನಲ್ಲಿ ಮಾತ್ರ ಯಾರೂ ಗುರುತಿಸದ ಒಬ್ಬ ಸಂಭಾವಿತರು ಎರಡು ರಾತ್ರಿ ಸುಖವಾಗಿ ಮಲಗಿದ್ದರು. ಗಂಡಿನ ಕಡೆಯವರೆಂದು ನಾವು, ಹೆಣ್ಣಿನ ಕಡೆಯವರೆಂದು ಬೀಗರು ಕಾಫಿ ಕಳಿಸಿದ್ದೇ ಕಳಿಸಿದ್ದು.

ಭಾವ ಜಿಪುಣರೇನಲ್ಲ. ಮುಯ್ಯಿ ತಪ್ಪಿಸಿದವರಲ್ಲ. ಮೈಸೂರಿಗೆ ಬರುವ ಯಾರ ಕೈಯಲ್ಲಾದರೂ ಸಾವಿರದ ಒಂದು ರೂಪಾಯಿಯ ಕವರು ಬಂದೇ ಬರುತ್ತದೆ, ಒಳಗೆ ಗುಂಡಕ್ಷರದ ನಾಲ್ಕು ಸಾಲು. ಮದುವೆಯಾದ ಮರುದಿನ ಮತ್ತೆ ಫೋನು. ಹಯಗ್ರೀವ ಹೇಗಿತ್ತು, ನಾದಸ್ವರದವರು ಸಮಯಕ್ಕೆ ಬಂದರಾ, ಹುಡುಗಿಯನ್ನು ಮಂಟಪಕ್ಕೆ ಕರೆತರುವಾಗ ಸೋದರಮಾವ ಅತ್ತನಾ. ನಾನು ಎರಡು ದಿನ ಛತ್ರದಲ್ಲೇ ಇದ್ದು ಗ್ಯಾಸ್ ಸಿಲಿಂಡರು, ತೆಂಗಿನಕಾಯಿ ಮೂಟೆ, ತಾಂಬೂಲದ ಚೀಲ ಇಷ್ಟನ್ನು ಬಿಟ್ಟು ಇನ್ನೇನನ್ನೂ ಕಂಡಿರುವುದಿಲ್ಲ. ಭಾವನ ಪ್ರಶ್ನೆಗಳಿಂದಲೇ ನನಗೆ ಮದುವೆ ಹೇಗಾಯಿತೆಂದು ತಿಳಿಯುವುದು.

ಮತ್ತೆ ಯಾಕೆ ಬರುವುದಿಲ್ಲ? ಗುಂಪು ಕಂಡರೆ ಆಗದು ಎನ್ನುತ್ತಾಳೆ ನನ್ನ ಹೆಂಡತಿ. ಬಸ್ಸು ಹತ್ತಿದರೆ ವಾಂತಿ ಎನ್ನುತ್ತಾನೆ ತಮ್ಮ. ಬಂದುಬಿಟ್ಟರೆ ಆ ಅರ್ಧ ಗಂಟೆಯ ಮಾತು ತಪ್ಪಿಹೋಗುತ್ತದಲ್ಲ, ಅದಕ್ಕೇ ಬರುವುದಿಲ್ಲ ಎಂಬುದು ನನ್ನ ಗುಮಾನಿ.

ಹೀಗೆ ಆಡಿಕೊಳ್ಳುವ ನಾನೇನು ಕಡಿಮೆಯಲ್ಲ. ಹೋದ ಮಾಘದಲ್ಲಿ ಅರಸೀಕೆರೆಯ ಚಿಕ್ಕಮ್ಮನ ಮೊಮ್ಮಗನ ಮದುವೆಗೆ ಹೋಗಲು ಸೋಮಾರಿತನ. ಫೋನು ಹಿಡಿದು, “ಬರಬೇಕು ಅಂತ ಬಹಳ ಇತ್ತು ಚಿಕ್ಕಮ್ಮ” ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಇದು ಶಿವಮೊಗ್ಗದ ಸರಕು. ನಿನ್ನದು ಏನಿದೆ ಹೇಳು” ಎಂದರು. ಹೋಗಿ ಉಂಡುಬಂದೆ.

ಹೋದ ಕಾರ್ತೀಕದಲ್ಲಿ ತಮ್ಮನ ಮಗನ ಮದುವೆ. ಮೂರನೆಯ ದಿನದ ಕರೆ ಎಂದಿನಂತೆ ಬಂದಿತ್ತು. ಪರೀಕ್ಷೆ, ಮೌಲ್ಯಮಾಪನ, ಬಂದರೂ ಬಂದೆವೇ, ಎಲ್ಲ ಆಗಿತ್ತು. ನಾಂದಿಯ ಹಿಂದಿನ ರಾತ್ರಿ ಹತ್ತು ಗಂಟೆಗೆ ಮತ್ತೆ ಫೋನು. ನಾನು ಹಣೆ ಚಚ್ಚಿಕೊಂಡು ಸ್ಪೀಕರ್ ಒತ್ತಿದೆ.

“ಮಾವ, ಬರೋಕ್ಕಾಗಲ್ಲ. ಎಲ್ಲಾ ಚೆನ್ನಾಗಿ ನಡೀಲಿ. ಆಮೇಲೆ ಮಾತಾಡ್ತೀನಿ.”

ಅಷ್ಟೇ. ಬೀಪಿ ಕೇಳಲಿಲ್ಲ, ಮಂಡಿನೋವು ಕೇಳಲಿಲ್ಲ. ಸದ್ಯ, ಬೇಗ ಮುಗಿಯಿತು, ಹದಿನಾರೆಲೆ ಖಚಿತವಾಗಿ ಕಡಿಮೆ ಎಂದು ನಾನು ಪೆನ್ನು ಹುಡುಕಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ಹಾಗೇ ನಿಲ್ಲಿಸಿದ್ದರು.

“ಅವನು ಕಾರಣ ಹೇಳಲಿಲ್ಲ ಕಣೋ.”

“ಹೇಳದಿದ್ದರೆ ಒಳ್ಳೇದೇ ಆಯ್ತಲ್ಲಪ್ಪ.”

“ಕಾರಣ ಹೇಳಲಿಲ್ಲ ಅಂದ್ರೆ ಕಾರಣ ಇದೆ. ಚಪ್ಪರ ಬಿಚ್ಚೋವರೆಗೆ ಶಿವಮೊಗ್ಗಕ್ಕೆ ಯಾರೂ ಫೋನ್ ಮಾಡಕೂಡದು.”

ನಾಂದಿ ಆದಮೇಲೆ ಮದುವೆಮನೆಗೆ ಸೂತಕದ ಅಡ್ಡಿಯಿಲ್ಲ ಎನ್ನುತ್ತಾರೆ ಪುರೋಹಿತರು. ನಮಗಂತೂ ತಾಗುವ ಸೂತಕವೂ ಅಲ್ಲ ಅದು. ಆದರೂ ಸಾವಿನ ಸುದ್ದಿಯನ್ನು ಚಪ್ಪರದೊಳಗೆ ತರುವುದಿಲ್ಲ, ಸಾವಾದ ಮನೆಯವರು ಧಾರೆಗೆ ಬಂದು ನಿಲ್ಲುವುದೂ ಇಲ್ಲ. ಭಾವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಅದೇ ಸಂಜೆ ಹೋಗಿದ್ದರು. ಭಾವ ಫೋನು ಮಾಡಿದ್ದು ಅವರ ಮನೆಯ ಜಗಲಿಯಿಂದ. ಮೂರು ದಿನ ಅಪ್ಪ ಬೀಗರೊಡನೆ ನಗುತ್ತ, ಅಕ್ಷತೆ ಹಾಕುತ್ತ ಓಡಾಡಿದರು. ನಡುನಡುವೆ ಎರಡು ಸಲ ನನ್ನ ಹತ್ತಿರ ಬಂದು, “ಫೋನ್ ಮಾಡಿಲ್ಲ ತಾನೆ?” ಎಂದು ಕೇಳಿ ಹೋದರು.

ಹದಿಮೂರನೆಯ ದಿನ ಕಳೆದ ಮೇಲೆ ಅಪ್ಪನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋದೆ. ಭಾವ ಗೇಟಿನಲ್ಲೇ ಅಪ್ಪನ ಕೈ ಹಿಡಿದುಕೊಂಡರು. “ಅವತ್ತು ಫೋನಿನಲ್ಲಿ ಸರಿಯಾಗಿ ಮಾತಾಡೋಕ್ಕಾಗಲಿಲ್ಲ ಮಾವ, ತಪ್ಪು ತಿಳೀಬೇಡಿ” ಎಂದು ಶುರುಮಾಡಿದವರು ಒಳಗೆ ಹೋಗಿ, ಕಾಫಿ ಬಂದು, ಕಾಫಿ ಆರಿದರೂ ನಿಲ್ಲಿಸಲಿಲ್ಲ. ಸರಿಯಾಗಿ ಕ್ಷಮೆ ಕೇಳದೇ ಇದ್ದದ್ದಕ್ಕೆ ಮುಕ್ಕಾಲು ಗಂಟೆ ಕ್ಷಮೆ ಕೇಳಿದರು. ಅಪ್ಪ ನಡುವೆ ಒಂದು ಸಲವೂ ತಡೆಯಲಿಲ್ಲ.

ಬರುವ ವೈಶಾಖದಲ್ಲಿ ನನ್ನ ಮಗಳ ಮದುವೆ. ಶಿವಮೊಗ್ಗಕ್ಕೆ ಪತ್ರಿಕೆ ಮೊನ್ನೆ ಹೋಗಿದೆ, ಮೇಲೆ ಅಪ್ಪನ ಅಕ್ಷರದಲ್ಲೇ ವಿಳಾಸ. ಎಲೆ ಲೆಕ್ಕದಲ್ಲಿ ಹದಿನಾರು ಸೇರಿಸಿದ್ದೇನೆ. ನಾಳೆ ಮೂರನೆಯ ದಿನ. ರಾತ್ರಿ ಎಂಟೂವರೆಗೆ ನಮ್ಮ ಮನೆಗೆ ಯಾರೂ ಫೋನು ಮಾಡಬೇಡಿ, ಲೈನು ಬಿಜಿ ಇರುತ್ತದೆ.