ಒತ್ತೋದೋ, ಸವರೋದೋ?

ಒಗ್ಗರಣೆಗೆ ಕರಿಬೇವು ಕೀಳೋಣ ಅಂತ ಕಾಂಪೌಂಡ್ ಹತ್ತಿರ ಹೋದರೆ, ಪಕ್ಕದ ಮನೆ ಮೇಷ್ಟ್ರು ಗೋಡೆಗೆ ಮೊಣಕೈ ಊರಿಕೊಂಡು ಫೋನ್ ಹಿಡಿದು ನಿಂತಿದ್ದರು. 74 ವರ್ಷ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಈಗಲೂ ಹಾಲಿನ ಲೆಕ್ಕ ಬಾಯಲ್ಲೇ ಹೇಳುತ್ತಾರೆ.

“ನೋಡಮ್ಮ, ಮಗ ಹೊಸ ಫೋನ್ ಕಳಿಸಿದ್ದಾನೆ. ಮೊಮ್ಮಗಳ ಫೋಟೊ ನೋಡ್ತಾ ಇದ್ದೆ, ಮಾಯ ಆಗೋಯ್ತು. ಇದರಲ್ಲಿ ಹಿಂದೆ ಹೋಗೋ ಬಾಣ ಎಲ್ಲಿದೆ?”

ಬಾಣ ಇರಲೇ ಇಲ್ಲ. ಪರದೆಯ ಕೆಳಗೆ ಒಂದು ಸಣ್ಣ ಗೆರೆ ಇತ್ತು, ಅಷ್ಟೇ. ಆಂಡ್ರಾಯ್ಡ್ 10 ಬಂದಿದ್ದು 2019ರಲ್ಲಿ. ಕೆಳಗಿನ ಮೂರು ಬಟನ್ ತೆಗೆದು ಬೆರಳಿನಿಂದ ಸವರುವ ಈಗಿನ ಪದ್ಧತಿ ಶುರುವಾದದ್ದು ಆಗಲೇ. ಕೆಳಗಿನ ಅಂಚಿನಿಂದ ಮೇಲಕ್ಕೆ ಸವರಿದರೆ ಹೋಮ್. ಹಾಗೇ ಸವರಿ ಅರೆಗಳಿಗೆ ತಡೆದರೆ ತೆರೆದಿಟ್ಟ ಆ್ಯಪ್‌ಗಳ ಸಾಲು. ಎಡ ಅಥವಾ ಬಲ ಅಂಚಿನಿಂದ ಒಳಕ್ಕೆ ಎಳೆದರೆ ಹಿಂದಕ್ಕೆ. ಹೊಸ ಫೋನ್‌ಗಳು ಎಷ್ಟೋ ಕಡೆ ಇದೇ ಪದ್ಧತಿಯಲ್ಲೇ ಡಬ್ಬದಿಂದ ಹೊರಗೆ ಬರುತ್ತವೆ. ಮೇಷ್ಟ್ರ ಹಳೇ ಫೋನಿನಲ್ಲಿ ಮೂರು ಬಟನ್ ಇದ್ದವು, ಅವರ ಬೆರಳು ಇನ್ನೂ ಅವನ್ನೇ ಹುಡುಕುತ್ತಿತ್ತು.

“ಫೋಟೊ ಮಾಯ ಆಗಿದ್ದು ಹೇಗೆ? ಇನ್ನೊಂದು ಸಲ ಹಾಗೇ ಮಾಡಿ ತೋರಿಸಿ ಮೇಷ್ಟ್ರೇ” ಅಂದೆ.

ಎಡಗೈಯಲ್ಲಿ ಫೋನ್ ಹಿಡಿದು ಬಲಗೈ ತೋರುಬೆರಳಿನಿಂದ ಮುಂದಿನ ಫೋಟೊಗೆ ಸರಿಸಿದರು. ಬೆರಳು ಶುರುವಾಗಿದ್ದು ಗಾಜಿನ ಬಲತುದಿಯಿಂದ. ಪುಸ್ತಕದ ಹಾಳೆ ತಿರುವುವವರು ಹಾಳೆಯ ಅಂಚನ್ನೇ ಹಿಡಿಯುತ್ತಾರಲ್ಲ, ಥೇಟ್ ಹಾಗೆ. ಆದರೆ ಫೋನಿಗೆ ಅಂಚಿನಿಂದ ಹೊರಟ ಬೆರಳು ಅಂದರೆ “ಹಿಂದೆ ಹೋಗು” ಅಂತ ಅರ್ಥ. ಫೋಟೊ ಮುಚ್ಚಿತು, ವಾಟ್ಸಾಪ್ ಚಾಟ್ ಬಂತು. ಗಾಬರಿಯಲ್ಲಿ ಮತ್ತೊಂದು ಸಲ ಸರಿಸಿದರು, ಚಾಟೂ ಹೋಯಿತು. ಅದೇ ಸರಿಸುವಿಕೆ ಒಂದು ಬೆರಳಗಲ ಒಳಗಿನಿಂದ ಶುರುವಾಗಿದ್ದರೆ ಮುಂದಿನ ಫೋಟೊ ಬರುತ್ತಿತ್ತು. ಆ ಒಂದು ಬೆರಳಗಲ ಎಲ್ಲಿಂದ ಎಲ್ಲಿಗೆ ಅಂತ ಪರದೆಯ ಮೇಲೆ ಎಲ್ಲೂ ಗುರುತು ಇಲ್ಲ. ಬಟನ್ನಿಗೂ ಸವರುವುದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ಅಂತ ನನಗೆ ಆ ಗೋಡೆ ಪಕ್ಕ ನಿಂತಾಗ ಸ್ಪಷ್ಟವಾಯಿತು. ಬಟನ್ ಒತ್ತಬೇಕಾದರೆ ಜಾಗ ಗೊತ್ತಿದ್ದರೆ ಸಾಕು, ಆ ಜಾಗವೂ ಕಣ್ಣೆದುರಿಗೇ ಇರುತ್ತದೆ. ಸವರಬೇಕಾದರೆ ಎಲ್ಲಿಂದ ಶುರು, ಯಾವ ಕಡೆಗೆ, ಎಷ್ಟು ದೂರ, ಎಷ್ಟು ಬೇಗ ಅಂತ ನಾಲ್ಕೂ ಸರಿಯಿರಬೇಕು, ನಾಲ್ಕನ್ನೂ ನೆನಪಿನಿಂದಲೇ ತರಬೇಕು.

ಬೇಗದ ವಿಷಯ ಹೇಳಲೇಬೇಕು. ವಯಸ್ಸಾದವರ ಬೆರಳು ನಿಧಾನವಾಗಿ ಚಲಿಸುತ್ತದೆ, ನಡುವೆ ಒಂದು ಕ್ಷಣ ನಿಲ್ಲುತ್ತದೆ. ಮೇಷ್ಟ್ರು ಹೋಮಿಗೆ ಹೋಗಬೇಕು ಅಂತ ಕೆಳಗಿನಿಂದ ಮೇಲಕ್ಕೆ ಎಳೆದಾಗೆಲ್ಲ ಮಧ್ಯದಲ್ಲಿ ತಡೆದು, ತೆರೆದಿಟ್ಟ ಆ್ಯಪ್‌ಗಳ ಕಾರ್ಡುಗಳೇ ಬರುತ್ತಿದ್ದವು. ಅವನ್ನು ಸರಿಸಲು ಹೋಗಿ ಮೇಲಕ್ಕೆ ತಳ್ಳಿದರೆ ಆ್ಯಪ್ಪೇ ಮುಚ್ಚಿಹೋಗುತ್ತದೆ. ಸಾಲದ್ದಕ್ಕೆ ಮಗ ಹಾಕಿಸಿಕೊಟ್ಟಿದ್ದ ಬ್ಯಾಕ್ ಕವರಿನ ಅಂಚು ಗಾಜಿಗಿಂತ ಎತ್ತರ. ಬೆರಳು ಗಾಜಿನ ತುದಿ ಮುಟ್ಟುವ ಮೊದಲೇ ಕವರಿಗೆ ತಾಗುತ್ತಿತ್ತು. ಹಾಗಾಗಿ ಬೇಡವಾದಾಗ ಹಿಂದೆ ಹೋಗುತ್ತದೆ, ಬೇಕಾದಾಗ ಹೋಗುವುದಿಲ್ಲ. ಕವರ್ ಬಿಚ್ಚಿ ನೋಡಿದೆವು, ಅರ್ಧ ತೊಂದರೆ ಅಲ್ಲೇ ಕಡಿಮೆಯಾಯಿತು. ಉಳಿದರ್ಧ ಉಳಿಯಿತು.

ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕುವ ಜಾಗದಲ್ಲಿ Navigation ಅಂತ ಟೈಪ್ ಮಾಡಿದೆ. ಫೋನ್ ಯಾವ ಕಂಪನಿಯದಾದರೂ ಹೀಗೆ ಹುಡುಕುವುದೇ ಹತ್ತಿರದ ದಾರಿ, ಯಾಕೆಂದರೆ ಒಂದೊಂದು ಕಂಪನಿ ಇದನ್ನು ಒಂದೊಂದು ಕಡೆ ಇಟ್ಟಿರುತ್ತದೆ. ಪಿಕ್ಸೆಲ್‌ನಲ್ಲಿ Navigation mode ಒಳಗೆ 3-button navigation ಅಂತ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ Display ಒಳಗೆ Navigation bar, ಅದರೊಳಗೆ Buttons. ಆರಿಸಿದ ತಕ್ಷಣ ಕೆಳಗೆ ಮೂರು ಗುರುತು ಮೂಡಿದವು. ಮೇಷ್ಟ್ರ ಮುಖ ಅರಳಿತು. “ಇದಪ್ಪಾ ಫೋನ್ ಅಂದ್ರೆ!”

ಅಲ್ಲಿಗೂ ಮುಗಿಯಲಿಲ್ಲ. ಹಿಂದೆ ಹೋಗಬೇಕಾದಾಗೆಲ್ಲ ಅವರು ಬಲಗಡೆ ಬಟನ್ ಒತ್ತುತ್ತಿದ್ದರು, ಕಾರ್ಡುಗಳು ಬರುತ್ತಿದ್ದವು. ಹಳೇ ಫೋನಿನಲ್ಲಿ ಬ್ಯಾಕ್ ಬಲಕ್ಕಿತ್ತು, ಇದರಲ್ಲಿ ಎಡಕ್ಕಿದೆ. ಸ್ಯಾಮ್‌ಸಂಗ್ ಮೊದಲಿನಿಂದಲೂ ಬಲಕ್ಕೇ ಇಡುತ್ತದೆ, ಪಿಕ್ಸೆಲ್‌ನಂಥವು ಎಡಕ್ಕೆ. ವರ್ಷಗಟ್ಟಲೆ ಒಂದೇ ಕಡೆಗೆ ಹೋದ ಹೆಬ್ಬೆರಳಿಗೆ “ಇನ್ನು ಮೇಲೆ ಆ ಕಡೆ” ಅಂತ ಹೇಳಿದರೆ ಅದು ಕೇಳುವುದಿಲ್ಲ. ಪುಣ್ಯಕ್ಕೆ ಬಟನ್‌ಗಳನ್ನು ಅದಲುಬದಲು ಮಾಡುವ ಸೌಲಭ್ಯ ಅದೇ ಪುಟದಲ್ಲಿತ್ತು. ಎಲ್ಲ ಫೋನಿನಲ್ಲೂ ಇರುವುದಿಲ್ಲ. ಬದಲಿಸಿದ ಮೇಲೆ ಹತ್ತು ಸಲ ಹಿಂದೆ ಹೋಗಿ ಅಂದೆ. ಹತ್ತಕ್ಕೆ ಹತ್ತೂ ಸರಿ ಬಂತು. ಸವರುವಾಗ ಹತ್ತರಲ್ಲಿ ಆರು ತಪ್ಪಿತ್ತು.

ಹೋಮ್ ಬಟನ್ನನ್ನು ಅವರು ಒತ್ತಿ ಹಿಡಿಯುವ ಅಭ್ಯಾಸ ಒಂದು ಉಳಿದಿತ್ತು. ಈಚಿನ ಫೋನ್‌ಗಳಲ್ಲಿ ಹಾಗೆ ಒತ್ತಿ ಹಿಡಿದರೆ ಏನೋ ಹುಡುಕುವ ಪರದೆ ತೆರೆದುಕೊಳ್ಳುತ್ತದೆ. Circle to Search ಅನ್ನುವುದನ್ನು ಆಫ್ ಮಾಡಿದೆ. ಇನ್ನೊಂದು ಮಾತನ್ನೂ ಹೇಳಿಕೊಟ್ಟೆ: ಯೂಟ್ಯೂಬ್‌ನಲ್ಲಿ ವಿಡಿಯೊ ಪೂರ್ತಿ ಪರದೆಗೆ ಹರಡಿದಾಗ ಬಟನ್‌ಗಳು ಮರೆಯಾಗುತ್ತವೆ, ಆಗ ಬಟನ್ ಇರುವ ಅಂಚಿನಿಂದ ಒಳಕ್ಕೆ ಒಮ್ಮೆ ಎಳೆದರೆ ವಾಪಸ್ ಬರುತ್ತವೆ. ಮೂರು ಬಟನ್ ಇಟ್ಟುಕೊಂಡವರು ಸವರುವುದರಲ್ಲಿ ಕಲಿಯಲೇಬೇಕಾದ್ದು ಇದೊಂದೇ.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಒಳಗಿನಿಂದ ಬಂದು, “ನನ್ನ ಫೋನಿಗೆ ಮಾತ್ರ ಕೈ ಹಾಕಬೇಡ ಕಣಮ್ಮ, ನಂದು ಸರಿಯಾಗಿದೆ” ಅಂದರು. ಅವರದ್ದು ಸವರುವ ಫೋನು. ನಾಲ್ಕು ವರ್ಷದಿಂದ ಅದರಲ್ಲೇ ಇದ್ದಾರೆ. ಹೆಬ್ಬೆರಳಿನ ಬುಡದಲ್ಲಿ ನೋವಿದೆ, ಬಗ್ಗಿಸಿ ಫೋನಿನ ಕೆಳತುದಿಗೆ ಒಯ್ಯುವುದು ಕಷ್ಟ. ಸವರುವುದರಲ್ಲಾದರೆ ಹೆಬ್ಬೆರಳು ಇದ್ದಲ್ಲೇ, ಅಂಚಿನ ನಡುಭಾಗದಲ್ಲೇ ಒಂದಿಷ್ಟು ಒಳಕ್ಕೆ ಎಳೆದರೆ ಸಾಕು. ಎಡಗೈಯಾದರೂ ಸರಿ, ಬಲಗೈಯಾದರೂ ಸರಿ. ಅವರ ಮಾತು ನೂರಕ್ಕೆ ನೂರು ಸತ್ಯ. ಬೇಡದಾಗ ಹಿಂದೆ ಹೋಗುವ ತೊಂದರೆ ಇಂಥವರಿಗೂ ಇದ್ದರೆ, ಕೆಲವು ಫೋನ್‌ಗಳಲ್ಲಿ ಎಡ, ಬಲ ಅಂಚಿನ ಸೂಕ್ಷ್ಮತೆಯನ್ನು ಬೇರೆ ಬೇರೆಯಾಗಿ ತಗ್ಗಿಸಬಹುದು. ಆ ಆಯ್ಕೆಯೂ ಸೆಟ್ಟಿಂಗ್ಸ್‌ನ Navigation ಭಾಗದಲ್ಲೇ ಇರುತ್ತದೆ.

ಆದರೂ ನನ್ನನ್ನು ಕೇಳಿದರೆ, 65 ದಾಟಿದವರ ಕೈಗೆ ಮೊದಲ ಸಲ ಹೋಗುವ ಫೋನಿನಲ್ಲಿ ಮೂರು ಬಟನ್ನೇ ಇರಬೇಕು. ಸವರುವುದರಿಂದ ಸಿಗುವ ಲಾಭ ಪರದೆಯ ಕೆಳಗಿನ ಒಂದು ಪಟ್ಟಿಯಷ್ಟು ಜಾಗ, ನೋಡೋಕೆ ಒಂದಿಷ್ಟು ಚೆಂದ. ಕಳೆದುಕೊಳ್ಳುವುದು ದಾರಿ ತಪ್ಪಿದಾಗ ಕಣ್ಣಿಗೆ ಕಾಣುವ ವಾಪಸ್ ದಾರಿ. ಬಟನ್ ಕಾಣದ ದಿನ ಮೇಷ್ಟ್ರು ಫೋನಿನ ಪವರ್ ಬಟನ್ ಒತ್ತಿ ಆರಿಸಿ, ಮತ್ತೆ ಹೊತ್ತಿಸಿ, ಮೊದಲಿನಿಂದ ಶುರು ಮಾಡುತ್ತಿದ್ದರಂತೆ. ಮಗನಿಗೆ ಹೇಳಿರಲಿಲ್ಲ. “ಅವನು ಅಷ್ಟು ದುಡ್ಡು ಕೊಟ್ಟು ಕಳಿಸಿದ್ದಾನೆ, ಬರೋದಿಲ್ಲ ಅಂತ ಹೇಗೆ ಹೇಳ್ಲಿ?” ಅಂದರು. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಅಪ್ಪನಿಗೋ ಅಮ್ಮನಿಗೋ ಹೊಸ ಫೋನ್ ಕೊಡುವ ಮೊದಲು ಅವರ ಹಳೇ ಫೋನನ್ನು ಒಂದು ನಿಮಿಷ ಕೈಗೆ ತೆಗೆದುಕೊಂಡು, ಹಿಂದೆ ಹೋಗುವ ಬಟನ್ ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿ. ಹೊಸದರಲ್ಲೂ ಅದನ್ನು ಅದೇ ಕಡೆ ಇಟ್ಟು ಕೊಡಿ.